ಡಬ್ಬಿಯೊಳಗಿದ್ದ ರೊಟ್ಟಿ

ಬೆಳಗಿನ ಚಹಾ ಕೈಗೆ ಬರುತ್ತಿದ್ದಂತೆ ಅಕ್ಕ ಕೇಳುತ್ತಿದ್ದಳು, "ಹಸುರೈತೇನ?"

ನಾವು ರೊಟ್ಟಿ ಮಾರುತ್ತಿದ್ದ ಆನ್‌ಲೈನ್ ಆ್ಯಪಿನಲ್ಲಿ ಖಾತೆಯ ಆರೋಗ್ಯ ತೋರಿಸುವ ಒಂದು ಪುಟವಿದೆ. ನಾವಾಗಿ ರದ್ದು ಮಾಡಿದ ಆರ್ಡರ್‌ಗಳು ಶೇಕಡಾ ಎಷ್ಟು, ತಡವಾಗಿ ಕಳಿಸಿದವು ಎಷ್ಟು, ದೂರುಗಳೆಷ್ಟು, ಎಲ್ಲಕ್ಕೂ ಒಂದೊಂದು ಮಿತಿ. ಮಿತಿಯೊಳಗಿದ್ದರೆ ಹಸಿರು, ದಾಟಿದರೆ ಕೆಂಪು. ನಾನು ಹಸಿರೆಂದರೆ ಅವಳು ನಗುತ್ತಿದ್ದಳು. "ನಿನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗಿಂತ ಇದ ಚಂದೈತಿ ಬಿಡವಾ."

ಸಿಂಧನೂರಿನ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಕ್ಕ ಖಡಕ್ ರೊಟ್ಟಿ ಬಡಿಯುತ್ತಿದ್ದಳು, ನಾನು ಪ್ಯಾಕು ಮಾಡುತ್ತಿದ್ದೆ. ಸುತ್ತೆಲ್ಲ ಭತ್ತದ ಗದ್ದೆ. ಜೋಳವನ್ನು ಪಾಮನಕಲ್ಲೂರಿನಿಂದ ತರುತ್ತಿದ್ದೆವು. ಶುರುವಿನಲ್ಲಿ, ನಾಳೆ ಮಾಡಿದರಾಯಿತೆಂದು ಆ್ಯಪಿನಲ್ಲಿ ಹೆಚ್ಚು ಸ್ಟಾಕ್ ತೋರಿಸಿದೆವು. ಅಕ್ಕನ ರಟ್ಟೆ ಹಿಡಿದುಕೊಂಡಿತು, ಕೆಲವು ಆರ್ಡರ್ ರದ್ದು ಮಾಡಬೇಕಾಯಿತು. ಗಿರಾಕಿಯೇ ಬೇಡವೆಂದರೆ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮಾಲಿಲ್ಲವೆಂದು ನಾವು ರದ್ದು ಮಾಡಿದರೆ ಬರುತ್ತದೆ. ಸಣ್ಣ ವ್ಯಾಪಾರ, ಒಂದೆರಡಕ್ಕೇ ಶೇಕಡಾ ಜಿಗಿಯಿತು. ಪುಟ ಕೆಂಪಾಗಿ, ಖಾತೆ ನಿಲ್ಲಿಸಬಹುದೆಂಬ ಎಚ್ಚರಿಕೆ ಬಂತು.

"ಡಬ್ಬಿಯೊಳಗ ಎಷ್ಟದಾವೋ ಅಷ್ಟ ತೋರಿಸು," ಎಂದಳು ಅಕ್ಕ. "ಬಡೀಲಾರದ ರೊಟ್ಟಿ ಮಾರಬ್ಯಾಡ." ಅಂದಿನಿಂದ ಅದೇ ನಮ್ಮ ಕಾಯಿದೆ. ನಿಧಾನಕ್ಕೆ ಹಸಿರು ಮರಳಿತು.

ಒಂದು ಮಧ್ಯಾಹ್ನ ರೊಟ್ಟಿ ಡಬ್ಬಿಗೆ ತುಂಬಿ, ಎದೆ ಒತ್ತಿಕೊಂಡು ಕುಳಿತವಳು ಮತ್ತೆ ಏಳಲಿಲ್ಲ.

ಮಣ್ಣು ಮಾಡಿದ ಮರುದಿನ ಫೋನ್ ತೆರೆದೆ. ಅಂದೇ ಕಳಿಸಬೇಕಾದ ಆರ್ಡರ್‌ಗಳಿದ್ದವು. ಸ್ಟಾಕ್ ಸೊನ್ನೆ ಮಾಡಿದೆ. ಹೊಸವು ಬರುವುದು ನಿಂತಿತು, ಆದರೆ ಬಂದವನ್ನು ಕಳಿಸಲೇಬೇಕು. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಖಾತೆ ಹೋದರೆ ಮುಂದೆ ನನ್ನ ಜೀವನಕ್ಕೆ ಏನು ದಾರಿ?

ಡಬ್ಬಿ ತೆರೆದೆ. ಎಲ್ಲ ಆರ್ಡರಿಗೂ ಆಗುವಷ್ಟು ರೊಟ್ಟಿ ಅದರೊಳಗಿತ್ತು.

ಕಟ್ಟುತ್ತಾ ಹೋದೆ. ಕೊನೆಯ ಕಟ್ಟಿನ ಹತ್ತಿರ ಕೈ ನಿಂತಿತು. ರೊಟ್ಟಿಯ ಅಂಚಿನಲ್ಲಿ ಅವಳ ಬೆರಳಿನ ಗುರುತುಗಳಿದ್ದವು. ಇದೊಂದನ್ನು ಇಟ್ಟುಕೊಳ್ಳೋಣ ಎನಿಸಿತು. ಹೆಬ್ಬೆರಳು ರದ್ದು ಮಾಡುವ ಗುಂಡಿಯ ಮೇಲೆ ಹೋಯಿತು. ಈ ಒಂದೇ ಸಾಕು, ಮತ್ತೆ ಕೆಂಪಾಗಲು. ಅವಳು ಅಷ್ಟು ದಿನ ರಟ್ಟೆ ನೋಯಿಸಿಕೊಂಡು ಉಳಿಸಿದ್ದು ಆ ಹಸಿರನ್ನೇ ಅಲ್ಲವೇ? ಕಟ್ಟಿಗೆ ಟೇಪು ಸುತ್ತಿದೆ.

ಪಾರ್ಸಲ್ ಒಯ್ಯುವವನು ಬಂದ. "ಚಹಾ ಇಲ್ಲೇನ್ರಿ ಇವತ್ತ? ದೊಡ್ಡ ಅಕ್ಕಾರು ಎಲ್ಲಿ ಹೋಗ್ಯಾರ?"

"ತೀರಿಕೊಂಡ್ಲಪ್ಪ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅಕ್ಕನ ಫೋಟೋಗೆ ಕೈ ಮುಗಿದ. ಆಮೇಲೆ ಒಂದೊಂದೇ ಪಾರ್ಸಲ್ ಸ್ಕ್ಯಾನ್ ಮಾಡಿ ಚೀಲಕ್ಕಿಟ್ಟ. "ಹೊತ್ತಿಗೆ ಕಳಿಸೀರಿ ನೋಡ್ರಿ," ಎಂದು ಮೆಲ್ಲಗೆ ಹೇಳಿ ಹೊರಟ.

ಡಬ್ಬಿಯ ತಳದಲ್ಲಿ ಚೂರುಗಳಿದ್ದವು. ಮುರಿದದ್ದನ್ನು ಮಾರುವಂತಿರಲಿಲ್ಲ; ಅವು ಯಾವಾಗಲೂ ನಮ್ಮಿಬ್ಬರವು. ಪಕ್ಕದ ಮನೆಯವರು ಕೊಟ್ಟ ಮೊಸರಿನಲ್ಲಿ ನೆನೆಸಿ, ಮೆತ್ತಗಾಗುವ ತನಕ ಕಾದು ತಿಂದೆ.