ಬ್ಲೇಡಿಗೂ ಹುಟ್ಟಿದ ತಾರೀಖು

ಆಟೋ ನಗರದ ನಮ್ಮ ವರ್ಕ್‌ಶಾಪಿನಲ್ಲಿ ಗೋಡಂಬಿ ಬೀಜ ಒಡೆಯುವ ಮಷಿನ್‌ಗಳು ತಯಾರಾಗುತ್ತವೆ. ತಮ್ಮನ ಮಗಳು ಅದಕ್ಕೊಂದು ಸೋಶಿಯಲ್ ಮೀಡಿಯಾ ಪೇಜ್ ತೆರೆದು ದಿನಕ್ಕೊಂದು ವಿಡಿಯೋ ಹಾಕುತ್ತಿದ್ದಳು. ಖಂಡೇನವಮಿಯ ಆಯುಧಪೂಜೆಯಂದು ಲೇತ್ ಯಂತ್ರಕ್ಕೆ ಚೆಂಡು ಹೂವಿನ ಹಾರ ಹಾಕಿದ ವಿಡಿಯೋವನ್ನು ಜನ ಮುಗಿಬಿದ್ದು ನೋಡಿದರು. ಅದನ್ನು ನೋಡಿ ಒಬ್ಬನೂ ಮಷಿನ್ ಕೊಳ್ಳಲಿಲ್ಲ ಎಂಬುದು ಬೇರೆ ಮಾತು.

ಅವಳೇ ಒಂದು ದಿನ ವೆಬ್‌ಸೈಟ್ ಬೇಕು ಅಂದಳು. "ದೊಡ್ಡಪ್ಪಾ, ಪೇಜ್ ನೋಡಿ ಹೊಸಬ್ರು ಬರ್ತಾರ ಖರೇ. ಹಳೇ ಗಿರಾಕಿ ಏನರ ಹುಡುಕಾಕ ಬಂದ್ರ, ಅದು ಹೊಸ ವಿಡಿಯೋಗಳ ಕೆಳಗ ಹೂತು ಹೋಗಿರ್ತದ."

ನಾನು ಕುರ್ಚಿಯಲ್ಲಿ ಸರಿಯಾಗಿ ಕೂತು, ಕನ್ನಡಕ ಒರೆಸಿ, ತೀರ್ಪು ಕೊಟ್ಟೆ: ಪೇಜಿನಲ್ಲೇ ದಿನಾ ಸಂತೆ ನೆರೆಯುವಾಗ ಬೇರೆ ಕಡೆ ಅಂಗಡಿ ಹೂಡುವುದು ದುಂದುಗಾರಿಕೆ. ತಮ್ಮ ತಲೆಯಾಡಿಸಿದ. ಮನೆಯಲ್ಲಿ ನನ್ನ ತೀರ್ಪಿಗೆ ಅಪೀಲು ಇಲ್ಲ. ಇದ್ದರೂ ಅದನ್ನು ಕೇಳುವವನೂ ನಾನೇ.

ಆ ಬೇಸಿಗೆಯಲ್ಲಿ, ಗೋಡಂಬಿ ಹಂಗಾಮಿನ ನಡುವೆ, ಖಾನಾಪುರದಿಂದ ಫೋನ್ ಬಂತು. ಅಲ್ಲಿ ಗೋಡಂಬಿ ಘಟಕ ನಡೆಸುವ ಹೆಣ್ಣುಮಗಳು, ನಮ್ಮ ಹಳೇ ಗಿರಾಕಿ. ಒಂದು ಬ್ಲೇಡ್ ಮುರಿದು ಮಷಿನ್ ನಿಂತಿತ್ತು, ಬೀಜದ ಚೀಲಗಳು ಕಾಯುತ್ತಿದ್ದವು. ಬೀಜದ ಗಾತ್ರಕ್ಕೆ ತಕ್ಕಂತೆ ಬ್ಲೇಡಿನ ಅಳತೆ ಬೇರೆ. ಅಳತೆ ತೆಗೆಯುವ ಕ್ರಮದ ವಿಡಿಯೋ ನಮ್ಮ ಪೇಜಿನಲ್ಲಿತ್ತು. ನಾನು ಬಹಳ ಹೆಮ್ಮೆಯಿಂದ ಅದರ ಲಿಂಕ್ ಕಳಿಸಿದೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವರೇ ಬಂದು ಇಳಿದರು. ಮುರಿದ ಬ್ಲೇಡನ್ನು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟರು.

"ಕಾಕಾ, ನಿಮ್ಮ ಲಿಂಕ್ ಒತ್ತಿದ್ರ ಮೊದ್ಲು ಅಕೌಂಟ್ ತೆಗೀರಿ ಅಂತು. ಹೆಸ್ರು ಕೇಳ್ತು, ಹುಟ್ಟಿದ ತಾರೀಖ ಕೇಳ್ತು. ಒಂದು ಬ್ಲೇಡ್ ತೊಗೊಳಾಕ ನಾ ಯಾವಾಗ ಹುಟ್ಟೀನಿ ಅನ್ನೂದು ಯಾಕ ಬೇಕ್ರಿ? ಕನ್ಯಾ ನೋಡಾಕತ್ತೀರೇನು?"

ತಮ್ಮನ ಮಗಳು ನಗು ತಡೆಯಲು ಗೋಡೆಯತ್ತ ತಿರುಗಿದಳು. ನಾನು ಚಹಾ ತರಿಸಿದೆ; ಸೋತ ನ್ಯಾಯಾಧೀಶನಿಗೆ ಅಷ್ಟಾದರೂ ಮಾಡಲು ಉಳಿದಿರುತ್ತದೆ. ತಮ್ಮ ಅಳತೆ ನೋಡಿ ಬ್ಲೇಡ್ ಕೊಟ್ಟ. ಮಧ್ಯಾಹ್ನದ ಬಸ್ಸಿಗೆ ಅವರು ಹೋದರು, ಸಂಜೆಗೆ ಮಷಿನ್ ಓಡಿತು. ಸುಮ್ಮನೆ ಬೇರೆ ಕಡೆ ಕೊಂಡು ನಮ್ಮನ್ನು ಮರೆಯಬಹುದಿತ್ತು. ಬಿಸಿಲಿನಲ್ಲಿ ಅಷ್ಟು ದೂರ ಬಂದು ಬೈದು ಹೋದರಲ್ಲ, ಆ ಋಣ ದೊಡ್ಡದು.

ಅದೇ ವಾರ ಅಪೀಲು ಮಂಜೂರಾಯಿತು. ವರ್ಕ್‌ಶಾಪಿನ ಹೆಸರಿನಲ್ಲೇ ಡೊಮೇನ್ ಕೊಂಡೆವು. ತಮ್ಮನ ಮಗಳು ಒಂದೇ ಪುಟದ ವೆಬ್‌ಸೈಟ್ ಮಾಡಿದಳು: ಮಷಿನ್‌ಗಳ ಚಿತ್ರ, ಬ್ಲೇಡ್ ಅಳೆಯುವ ರೇಖಾಚಿತ್ರ, ವಿಳಾಸ, ಫೋನ್. ಕನ್ನಡದಲ್ಲೂ ಮರಾಠಿಯಲ್ಲೂ. ಲಿಂಕ್ ಒತ್ತಿದವರಿಗೆ ಯಾರು ನೀವು ಎಂದು ಕೇಳದೆ ತೆರೆಯುತ್ತದೆ. ಪೇಜನ್ನೂ ಬಿಡಲಿಲ್ಲ, ಹೊಸಬರು ಇಂದಿಗೂ ಅಲ್ಲಿಂದಲೇ ಬರುತ್ತಾರೆ, ಲೇತಿನ ಹಾರವೂ ಅಲ್ಲೇ ಇದೆ.

ಮುಂದಿನ ಹಂಗಾಮಿನಲ್ಲಿ ಖಾನಾಪುರದಿಂದ ಮತ್ತೆ ಫೋನ್. ಈ ಸಲ ಅವರೇ ವೆಬ್‌ಸೈಟಿನ ಚಿತ್ರ ನೋಡಿ ಅಳತೆ ತೆಗೆದು ಹೇಳಿದರು. ಬ್ಲೇಡ್ ಕಟ್ಟಿ ಖಾನಾಪುರದ ಬಸ್ಸಿಗೆ ಕೊಟ್ಟು ಕಳಿಸಿದೆವು.

"ಈ ಸಲ ಲಿಂಕ್ ಏನೂ ಕೇಳಲಿಲ್ಲ ಕಾಕಾ," ಫೋನ್ ಇಡುವ ಮುನ್ನ ಅಂದಿದ್ದರು, "ಕನ್ಯಾ ಸಿಕ್ಕಿತೇನು?"