ಅಕ್ಕನ ಕರಿಬೇವಿಗೆ ನಾವು ಮೂವರು ಎರೆದ ನೀರು

ನನ್ನ ಅಕ್ಕ ಇರುವುದು ಜೇವರ್ಗಿ ಕಡೆಯ ಇಜೇರಿಯಲ್ಲಿ, ನಾವು ಹುಟ್ಟಿ ಬೆಳೆದ ಮನೆಯಲ್ಲೇ. ಅವಳ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡವಿತ್ತು. ಗಿಡ ಎನ್ನುವುದು ಅಭ್ಯಾಸಬಲ. ಅದರ ಕೊಂಬೆಗೆ ನಾವು ಜೋಕಾಲಿ ಕಟ್ಟಿ ಅವ್ವನ ಕೈಯಲ್ಲಿ ಬೈಸಿಕೊಂಡಿದ್ದೇವೆ. ಅವ್ವ ನೆಟ್ಟದ್ದು. ಹೋದ ಬೇಸಿಗೆಯಲ್ಲಿ ಅಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಬಂತು, ಗಿಡ ಹೋಯಿತು. ನಾಗರಿಕತೆ ಬರುವ ದಾರಿಯಲ್ಲಿ ಯಾವಾಗಲೂ ಒಂದು ಮರ ಅಡ್ಡ ನಿಂತಿರುತ್ತದೆ.

ಬುಡ ಅಗೆಯುವಾಗ ಅಕ್ಕ ಬೇರಿನ ಜೊತೆ ಬಂದ ಗೇಣುದ್ದದ ಒಂದು ಮರಿಯನ್ನು ಎತ್ತಿ, ಹಸಿ ಗೋಣಿತಟ್ಟಿನಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

"ನನ್ನ ಮನ್ಯಾಗ ಈಗ ನೆಲನೇ ಉಳದಿಲ್ಲ ಬೇ. ಎಲ್ಲಾ ಟೈಲ್ಸ್. ಅವ್ವಂದು ಅಂತ ಉಳದದ್ದು ಇದೊಂದೇ. ನೀ ಕಲತಾಕಿ, ನೀ ಉಳಸ್ತಿ."

ಕಲಿತವಳು ಎಂಬ ಕಾರಣಕ್ಕೆ ಒಂದು ಗಿಡವನ್ನು ಯಾರಿಗಾದರೂ ಒಪ್ಪಿಸುವುದು ಎಂಥ ಅಪಾಯದ ಕೆಲಸ ಎಂದು ಆಗ ನಮಗಿಬ್ಬರಿಗೂ ತಿಳಿದಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಫೋಟೋಸಿಂಥೆಸಿಸ್ ಎಂಬ ಪದದ ಸ್ಪೆಲಿಂಗನ್ನು ಇಂದಿಗೂ ನಿದ್ದೆಯಲ್ಲಿ ಹೇಳಬಲ್ಲೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಮಣ್ಣಿಗೆ ಮಾತ್ರ ಕೈ ಹಾಕಿರಲಿಲ್ಲ, ಉಗುರು ಕೊಳಕಾದರೆ ನಮ್ಮ ನನ್‌ಗಳು ಸ್ಕೇಲಿನಿಂದ ಬಾರಿಸುತ್ತಿದ್ದರು.

ಆಳಂದದಲ್ಲಿ ನಾನಿರುವುದು ಮೊದಲನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಒಬ್ಬ ಟೇಲರನ ಅಂಗಡಿ. ಮೇಲೆ ಮೂರು ಬಾಗಿಲುಗಳಿಗೆ ಸೇರಿ ಒಂದೇ ಉದ್ದ ಬಾಲ್ಕನಿ: ಒಂದು ಬಾಗಿಲು ನನ್ನದು, ಒಂದು ಮನೆಯ ಮಾಲಕಿಯದು, ಇನ್ನೊಂದು ಬಸ್ ಕಂಡಕ್ಟರನ ಹೆಂಡತಿಯದು. ಕಂಡಕ್ಟರನ ಹೆಂಡತಿ ಆಗಲೇ ಅಲ್ಲೊಂದು ತುಳಸಿ ಇಟ್ಟಿದ್ದಳು. ಚೀನೀ ಮಣ್ಣಿನ, ಬಂಗಾರದ ಗೆರೆಯ, ಅಂಗೈಯಗಲದ ಪುಟ್ಟ ಬೃಂದಾವನ. ನೋಡಲು ಸೊಗಸು. ತಳಕ್ಕೆ ತೂತಿರಲಿಲ್ಲ. ತೂತಿದ್ದರೆ ಶೋಕೇಸಿನಲ್ಲಿ ಅದಕ್ಕೆ ಆ ಬೆಲೆ ಬರುತ್ತಿರಲಿಲ್ಲವೇನೋ.

ನಾನು ಅಷ್ಟು ಸಣ್ಣ ಮನಸ್ಸಿನವಳಲ್ಲ. ಗೇಣುದ್ದದ ಮರಿಗೆ ಅರ್ಧ ಕತ್ತರಿಸಿದ ನೀಲಿ ಡ್ರಮ್ಮು ತರಿಸಿದೆ. ಮುಂದೆ ಮರವಾದಾಗ ಸ್ಕೋಪ್ ಇರಲಿ ಎಂದು. ತುಂಬಲು ಮಾಲಕಿ ತನ್ನ ಅಫಜಲಪುರದ ಹೊಲದಿಂದ ಎರಡು ಚೀಲ ಎರೆಮಣ್ಣು ತರಿಸಿಕೊಟ್ಟಳು.

"ಭೀಮಾ ದಂಡಿ ಮಣ್ಣರಿ ಅಕ್ಕೋರ. ಕಬ್ಬು ಆಳುದ್ದ ಬೆಳೀತದ. ನಿಮ್ಮ ಕರಿಬೇವು ಯಾವ ಲೆಕ್ಕ."

ಕಪ್ಪು ಮಣ್ಣೆಂದರೆ ನಮ್ಮ ಸೀಮೆಯ ಹೆಮ್ಮೆ. ಬೇರೆ ಮಣ್ಣು ಕೇಳುವುದು ಮಾಲಕಿಯ ಮನೆತನವನ್ನೇ ಅವಮಾನಿಸಿದಂತೆ. ಚೀಲ ಹೊತ್ತು ತಂದ ಆಳಿನ ಕೈಯಲ್ಲೇ ತುಂಬಿಸಿ, ಸಸಿ ನೆಡಿಸಿದೆ.

ನೀರು ಹಾಕಿದ ಮೊದಲ ದಿನವೇ ಡ್ರಮ್ಮಿನ ತೂತುಗಳಿಂದ ಕರಿನೀರು ಸೋರಿ ಕೆಳಗೆ ಟೇಲರ್ ನೇತುಹಾಕಿದ್ದ ಮದುವೆಯ ಬಿಳಿ ಶೇರ್ವಾನಿಯ ಮೇಲೆ ಬಿತ್ತು. ಅವನು ಸಭ್ಯ, ಮೆಟ್ಟಿಲ ಬಳಿ ನಿಂತು "ಅಕ್ಕೋರ, ನೀರ ಸೋರಾಕತ್ತದರಿ" ಎಂದಷ್ಟೇ ಅಂದ. ಆ ಒಂದು ವಾಕ್ಯಕ್ಕೆ ನಾನು ನಾಚಿ ನೀರಾಗಿ, ತೂತುಗಳಿಗೆಲ್ಲ ಎಂ-ಸೀಲ್ ಮೆತ್ತಿದೆ. ಎಷ್ಟು ನೀಟಾಗಿ ಮೆತ್ತಿದ್ದೆನೆಂದರೆ ನನ್ನ ನನ್‌ಗಳು ನೋಡಿದ್ದರೆ ಕ್ರಾಫ್ಟ್‌ಗೆ ಡಿಸ್ಟಿಂಕ್ಷನ್ ಕೊಡುತ್ತಿದ್ದರು.

ಬಿಸಿಲು ತಾಗದಿರಲಿ ಎಂದು ಡ್ರಮ್ಮನ್ನು ಕೂಲರಿನ ಹಿಂದಿನ ಮೂಲೆಗೆ ಸರಿಸಿದೆ. ಪಾಪ, ಹಳ್ಳಿಯ ಬಯಲಲ್ಲಿ ಬೆಳೆದ ಸಸಿ, ಇನ್ನಾದರೂ ನೆರಳಲ್ಲಿ ಇರಲಿ. ನೀರಿಗೆ ಟೈಮ್‌ಟೇಬಲ್ ಬರೆದು ಬಾಗಿಲಿಗೆ ಅಂಟಿಸಿದೆ: ಬೆಳಗ್ಗೆ ಶಾರ್ಪ್ ಏಳು, ಸಂಜೆ ಐದು. ಮಳೆಗಾಲ ಶುರುವಾಯಿತು. ಮಳೆಗೆ ಟೈಮ್‌ಟೇಬಲ್ ಓದಲು ಬರುತ್ತಿರಲಿಲ್ಲ, ಅದೂ ತನ್ನ ಪಾಲು ಹಾಕಿತು. ನಾನು ನನ್ನ ಪಾಲು ಬಿಡಲಿಲ್ಲ. ಡಿಸಿಪ್ಲಿನ್ ಎಂದರೆ ಡಿಸಿಪ್ಲಿನ್.

ಪ್ರತಿ ಭಾನುವಾರ ಅಕ್ಕನ ಫೋನು.

"ಗಿಡ ಹೆಂಗದ ಬೇ?"

"ಫಸ್ಟ್ ಕ್ಲಾಸ್."

ಮೊದಲ ತಿಂಗಳು ಅದು ನಿಜವಿತ್ತು. ಎರಡನೇ ತಿಂಗಳು ಕೆಳಗಿನ ಎಲೆಗಳು ಹಳದಿಯಾದವು. ಮೂರನೆಯದರಲ್ಲಿ ಉದುರತೊಡಗಿದವು. ಬಾಡಿದೆಯಲ್ಲ, ಬಾಯಾರಿರಬೇಕೆಂದು ಇನ್ನೊಂದು ಮಗ್ ಸೇರಿಸಿದೆ. ಕರಿಬೇವಿಗೆ ಹುಳಿ ಮಜ್ಜಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರು, ಗುರುವಾರಕ್ಕೊಮ್ಮೆ ಅದನ್ನೂ ಸುರಿದೆ. ಫೋನಿನಲ್ಲಿ ಮಾತ್ರ ಗಿಡ ವಾರಕ್ಕೊಂದು ಬೆರಳು ಬೆಳೆಯುತ್ತಲೇ ಇತ್ತು. ದಸರೆಯ ಹೊತ್ತಿಗೆ ನನ್ನ ಮೊಣಕಾಲು ದಾಟಿಸಿದ್ದೆ. ಬಾಲ್ಕನಿಯಲ್ಲಿ ಏಳೆಂಟು ಎಲೆಯ ಕಡ್ಡಿ ನಿಂತಿತ್ತು. ಅವ್ವನ ಗಿಡ ನನ್ನ ಕೈಯಲ್ಲಿ ಸಾಯುತ್ತಿದೆ ಎಂದು ನನಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ.

ತುಳಸಿ ನಮ್ಮ ಕರಿಬೇವಿಗಿಂತ ಮೊದಲೇ ಹೋಯಿತು. ತುಳಸಿ ಲಗ್ನಕ್ಕೆ ವಾರವಿರುವಾಗ, ಬುಡ ಕಪ್ಪಾಗಿ, ಮುಟ್ಟಿದರೆ ಕೈಗೇ ಬಂತು. ಕಂಡಕ್ಟರನ ಹೆಂಡತಿ ಅತ್ತಳು. "ಯಾರದೋ ನೆದರ ಆಗ್ಯಾದರಿ" ಎಂದು ನನ್ನ ಕಡೆಗೇ ನೋಡಿದಳು. ಕನ್ನಡಕದ ಹಿಂದಿನ ನನ್ನ ದೃಷ್ಟಿಗೆ ಅಷ್ಟು ಶಕ್ತಿ ಇದ್ದರೆ ಆಪರೇಷನ್ ಯಾಕೆ ಮಾಡಿಸುತ್ತಿದ್ದೆ.

ಮರುದಿನ ಬೆಳಗ್ಗೆ ಪಕ್ಕದ ಖಜೂರಿ ಊರಿನ ಪಲ್ಯದವಳು ಬುಟ್ಟಿ ಹೊತ್ತು ಬಂದಳು. ಮೆಂತೆ, ಪುಂಡಿ, ಸಬ್ಬಸಗಿ ಸೊಪ್ಪು ಬೆಳೆದು ತಂದು ಮಾರುವ ಹೆಂಗಸು. ಬಾಲ್ಕನಿಯ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದಳು. ಕುಡಿಯಲಿಕ್ಕೆ. ನಾನು ತಂಬಿಗೆ ತರುವಷ್ಟರಲ್ಲಿ ಮಾಲಕಿ ಲಿಂಗಪೂಜೆ ಮುಗಿಸಿ ಬಟ್ಟಲು ಹಿಡಿದು ಬಂದು, ಪೂಜೆಯ ನೀರನ್ನು ನನ್ನ ಡ್ರಮ್ಮಿಗೆ ಭಕ್ತಿಯಿಂದ ಸುರಿದು ಕೈ ಮುಗಿದು ಒಳಗೆ ಹೋದಳು. ಕಾಲು ತುಳಿಯದ ಜಾಗಕ್ಕೆ ಹಾಕಬೇಕಾದ ನೀರು ಅದು. ಮಹಡಿಯ ಮೇಲೆ ಅಂಥ ಜಾಗ ಡ್ರಮ್ಮೊಂದೇ. ಅವಳ ಹಿಂದೆಯೇ ಕಂಡಕ್ಟರನ ಹೆಂಡತಿ ಸ್ನಾನ ಮುಗಿಸಿ ಚೊಂಬು ತಂದಳು. ತುಳಸಿ ಇರಲಿಲ್ಲ, ಅಭ್ಯಾಸ ಇತ್ತು. ಅದೂ ಡ್ರಮ್ಮಿಗೆ. ಅಷ್ಟರಲ್ಲಿ ಗಡಿಯಾರ ಏಳು ಹೊಡೆಯಿತು, ನಾನು ಮಗ್ ಎತ್ತಿದೆ.

ಪಲ್ಯದವಳು ನನ್ನ ಕೈ ಹಿಡಿದಳು.

"ಅಕ್ಕೋರ, ಜರಾ ತಡೀರಿ. ಇದು ಗಿಡ ಬೆಳಸಾಕತ್ತೀರೋ, ಮೀನ ಸಾಕಾಕತ್ತೀರೋ?"

"ಒಣಗ್ಯಾದಲ್ಲವ್ವ. ಎಲಿ ಹಳದಿ ಆಗ್ಯಾವ ನೋಡು."

"ಒಣಗಿದ್ರ ಎಲಿ ಗರಿಗರಿ ಆಗ್ತದರಿ. ಇದು ಮೆತ್ತಗ ಆಗಿ ಹಳದಿ ಆಗ್ಯಾದ. ಬೊಟ್ಟ ಹಾಕಿ ನೋಡೀರೇನು?"

ನಾನು ಹಾಕಿರಲಿಲ್ಲ. ಅವಳು ನನ್ನ ತೋರುಬೆರಳನ್ನೇ ಹಿಡಿದು ಎರಡು ಗೆಣ್ಣಿನ ತನಕ ಮಣ್ಣಿಗೆ ಒತ್ತಿದಳು. ತಣ್ಣನೆಯ ಗೋಂದು. ಕೆಟ್ಟ ಮೊಟ್ಟೆಯ ನಾತ. ಎಪ್ಪತ್ತು ದಾಟಿದ ಮೇಲೆ ನನ್ನ ಉಗುರಿನೊಳಗೆ ಮೊದಲ ಸಲ ಮಣ್ಣು ಸೇರಿತು.

ಸದ್ದು ಕೇಳಿ ಉಳಿದಿಬ್ಬರೂ ಹೊರಗೆ ಬಂದರು. ಅಂದಿನವರೆಗೆ ಒಬ್ಬರು ಹಾಕುವುದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ಮಾಲಕಿ ಅಂದಳು, "ನಾ ಹಾಕೂದು ಒಂದ ಬಟ್ಟಲರಿ." ಕಂಡಕ್ಟರನ ಹೆಂಡತಿ ಅಂದಳು, "ನಾ ತುಳಸಿಗೆ ಹಾಕಿ ಉಳದದ್ದು ಅಷ್ಟೇ." ನಾನು ಬಾಗಿಲಿಗೆ ಅಂಟಿಸಿದ ಟೈಮ್‌ಟೇಬಲಿನ ಮುಂದೆ ನಿಂತುಕೊಂಡೆ, ಯಾರೂ ಓದದಿರಲಿ ಎಂದು.

"ತಪ್ಪು ಹಾಕೂದ್ರಾಗ ಅಲ್ಲರಿ," ಪಲ್ಯದವಳು ಡ್ರಮ್ಮಿನ ತಳ ತಡವಿದಳು. "ಹಾಕಿದ್ದು ಹೊರಗ ಹೋಗಬೇಕಲ್ಲ. ತೂತು ಯಾವ ಶಾಣ್ಯಾರು ಮುಚ್ಯಾರ?"

ಶಾಣ್ಯಾರು ತಲೆ ತಗ್ಗಿಸಿದೆವು. ಬಹುವಚನ ಗೌರವಕ್ಕೆ, ಮುಚ್ಚಿದವಳು ನಾನೊಬ್ಬಳೇ.

ಅವಳೇ ಗಿಡ ಎತ್ತಿದಳು. ಅಷ್ಟು ದೊಡ್ಡ ಡ್ರಮ್ಮಿನಲ್ಲಿ ಬೇರು ಒಂದು ಮುಷ್ಟಿಯಷ್ಟು. ಸುತ್ತಲಿನ ಮಣ್ಣಿನ ನೀರು ಕುಡಿಯಲು ಬೇರುಗಳೇ ಇಲ್ಲ. ನೀರು ಅಲ್ಲೇ ನಿಂತು ಕೊಳೆತಿತ್ತು. ಕಂದಾಗಿ ಮೆತ್ತಗಾದ ಬೇರುಗಳನ್ನು ಕುಡಗೋಲಿನಿಂದ ಕತ್ತರಿಸಿದಳು. ಬಿಳಿಯ ನಾಲ್ಕಾರು ಎಳೆ ಉಳಿದವು.

"ಒಂದ ಗೇಣ ಬಾಯಿದ್ದ ಮಣ್ಣಿನ ಕುಂಡ ಸಾಕರಿ ಇದಕ್ಕ. ಬೇರು ತುಂಬಿದ ಮ್ಯಾಲ, ವರ್ಷಕ್ಕೋ ಎರಡ ವರ್ಷಕ್ಕೋ, ಒಂದೂವರಿ ಗೇಣಿಂದು ತರ್ರಿ. ಡ್ರಮ್ಮು ನಿಮ್ಮ ಮೊಮ್ಮಕ್ಕಳ ಕಾಲಕ್ಕ. ತುಳಸಿಗೂ ಅಷ್ಟ, ಒಂದ ಗೇಣ. ಆ ಪಿಂಗಾಣಿ ವಾಟಗದಾಗ ಚಹಾ ಕುಡೀರಿ."

"ನಮ್ಮ ಎರಿ ಮಣ್ಣು?" ಮಾಲಕಿ ಕೇಳಿದಳು.

"ಹೊಲದಾಗ ಬಂಗಾರರಿ ಅವ್ವಾರ. ಕುಂಡದಾಗ ಹಸಿ ಇದ್ದಾಗ ಕೆಸರು, ಒಣಗಿದ್ರ ಕಲ್ಲು. ಮಸಾರಿ ಕೆಂಪ ಮಣ್ಣು ಎರಡ ಪಾಲು, ಉಸುಕು ಒಂದ ಪಾಲು, ಹಳೇ ತಿಪ್ಪಿ ಗೊಬ್ಬರ ಒಂದ ಪಾಲು."

ಮಾಲಕಿ ಅಂದಿನಿಂದ ಅವಳ ಹತ್ತಿರ ಎರಡು ವಾರ ಮೆಂತೆ ಕೊಳ್ಳಲಿಲ್ಲ. ಪೂಜೆಯ ನೀರಿಗೆ ಮಾತ್ರ ದಾಸವಾಳದ ದೊಡ್ಡ ಕುಂಡವೊಂದನ್ನು ತರಿಸಿದಳು. ಅದಕ್ಕೆ ತೂತುಗಳಿದ್ದವು, ಕೆಳಗೆ ಎರಡು ಇಟ್ಟಿಗೆಗಳೂ. ಕಂಡಕ್ಟರನ ಹೆಂಡತಿ ಸತ್ತ ತುಳಸಿಯ ಒಣ ಮಂಜರಿಯನ್ನು ತೆಗೆದಿಟ್ಟು, ಚಳಿ ಇಳಿದ ಮೇಲೆ ಹೊಸ ಕುಂಡದಲ್ಲಿ ಉದುರಿಸಿದಳು. ಚೊಂಬಿನ ಬದಲು ಉದ್ಧರಣೆಯಲ್ಲಿ ಒಂದು ಚಮಚ ನೀರು ದೇವರ ಪಾಲು, ಉಳಿದದ್ದು ಬೆರಳು ಹೇಳಿದ ದಿನ ಗಿಡದ ಪಾಲು ಎಂದು ರಾಜಿ ಆಯಿತು.

ನಾನು ಪಲ್ಯದವಳು ಹೇಳಿದ ಮಣ್ಣು ತುಂಬಿದ ಕುಂಡದಲ್ಲಿ ಕರಿಬೇವನ್ನು ನೆಟ್ಟು, ಎಂಟು ದಿನ ನೆರಳಲ್ಲಿಟ್ಟು, ಆಮೇಲೆ ದಿನಕ್ಕಿಷ್ಟೆಂದು ಸರಿಸುತ್ತ ಪೂರ್ವದ ಕಟಕಟೆಯ ಪಕ್ಕಕ್ಕೆ ತಂದು ಎರಡು ಇಟ್ಟಿಗೆಯ ಮೇಲಿಟ್ಟೆ. ಅಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು. ದಿನಕ್ಕೆ ಐದಾರು ತಾಸು ಬೇಕಂತೆ. ಕೂಲರಿನ ಹಿಂದೆ ಅದಕ್ಕೆ ಸಿಕ್ಕಿದ್ದು ನನ್ನ ಪ್ರೀತಿ ಮಾತ್ರ. ಇದ್ದ ಎಲೆಗಳೂ ಚಳಿಗಾಲಕ್ಕೆ ಉದುರಿದವು. ಫೋನಿನಲ್ಲಿ ಗಿಡ ನನ್ನ ಸೊಂಟಕ್ಕೆ ಬಂದಿತ್ತು.

ಶಿವರಾತ್ರಿ ಕಳೆದ ಮೇಲೆ ಅಕ್ಕ ಹೇಳದೆ ಬಂದಳು. ಚೀಲ ಇಳಿಸುವ ಮೊದಲೇ ಬಾಲ್ಕನಿಗೆ ಹೋದಳು. ಬೋಳು ಕಡ್ಡಿ, ತುದಿಯಲ್ಲಿ ತಾಮ್ರದ ಬಣ್ಣದ ಎರಡು ಚಿಗುರು.

"ಸೊಂಟದ ತನ ಬೆಳದದ ಅಂದಿದ್ದಿ. ಇಲಿ ಸೊಂಟೇನು?"

ನಡೆದದ್ದನ್ನೆಲ್ಲ ಹೇಳಿದೆ, ಎಂ-ಸೀಲ್ ಸಮೇತ. ಅಕ್ಕ ನಗಲಿಲ್ಲ. ಒಂದು ಚಿಗುರನ್ನು ಕೀಳದೆ ಉಗುರಿನಿಂದ ಮೆಲ್ಲಗೆ ಒತ್ತಿ, ಬೆರಳು ಮೂಸಿದಳು. ಆಮೇಲೆ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅವ್ವನ ಒಗ್ಗರಣೆಯ ವಾಸನೆ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅಕ್ಕ ತುಂಬಿದ ಚೊಂಬು ಹಿಡಿದು ಕುಂಡದ ಮುಂದೆ ನಿಂತಿದ್ದಳು. ನಾನು ಓಡಿದೆ.

"ಅಕ್ಕ, ಬ್ಯಾಡ. ಬೊಟ್ಟ ಹಾಕಿ ನೋಡೀಯೇನು?"

"ನೋಡೇನಿ. ನೀ ನೋಡು."

ಬೆರಳಿಟ್ಟೆ. ಎರಡು ಗೆಣ್ಣಿನ ತನಕ ಸುಣ್ಣದಂತೆ ಒಣಗಿತ್ತು. ಬಿಸಿಲು ಏರಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಒಮ್ಮೆ ಮುಳುಗಿಸಿದ ಹೆದರಿಕೆಯಲ್ಲಿ ಒಂದು ತಿಂಗಳಿನಿಂದ ಮೇಲೆ ಮೇಲೆ ಚಮಚದಲ್ಲಿ ಹನಿಸುತ್ತಿದ್ದೆ. ಬುಡಕ್ಕೆ ಒಂದು ತೊಟ್ಟೂ ಇಳಿದಿರಲಿಲ್ಲ.

"ಮೊದ್ಲ ಮುಳಗಿಸಿದಿ, ಈಗ ಉಪಾಸ ಕೆಡವಾಕತ್ತೀದಿ," ಅಕ್ಕ ಅಂದಳು. "ಹಾಕಿದ್ರ ಹೊಟ್ಟಿ ತುಂಬ ಹಾಕಬೇಕು. ಮತ್ತ ಒಣಗೂ ತನ ಸುಮ್ಮ ಕೂಡಬೇಕು." ನಿಧಾನವಾಗಿ ಎರೆದಳು. ಕುಂಡದ ತಳದಿಂದ ನೀರು ಹೊರಬಂದು, ಇಟ್ಟಿಗೆ ದಾಟಿ, ಕಟಕಟೆಯ ಅಂಚಿಗೆ ಹರಿಯಿತು.

ಕೆಳಗಿನಿಂದ ಟೇಲರನ ದನಿ ಬಂತು. "ಅಕ್ಕೋರ, ನೀರ ಸೋರಾಕತ್ತದರಿ."

"ಹೌದ್ರಿ," ಎಂದೆ ನಾನು ಬಗ್ಗಿ. "ಬಟ್ಟಿ ಜರಾ ಸರಸ್ಕೋರಿ. ಇನ್ ಮ್ಯಾಲ ಸೋರ್ತದ."