ಯಾದಿಯಲ್ಲಿಲ್ಲದ ಬಾವಿ

ಸಮೀಕ್ಷೆಗೆ ಹೊರಡುವ ಹಿಂದಿನ ದಿನ ನಮ್ಮ ಫ್ರಿಜ್ಜಿನ ತುಂಬ ನೀರಿನ ಮಾದರಿ ತಂಪಾಗಿಡುವ ಐಸ್ ಪೊಟ್ಟಣಗಳೇ. "ಮೊಸರು ಎಲ್ಲಿಡ್ಲಿ, ನಿನ್ನ ತಲಿ ಮ್ಯಾಲೇನ?" ಎಂದು ಯಜಮಾನರು ಛೇಡಿಸುತ್ತಾರೆ. ಅವರ ರೈಲ್ವೆ ನೌಕರಿಯ ಬೆನ್ನು ಹತ್ತಿ ಧಾರವಾಡದಿಂದ ನಾಗಪುರಕ್ಕೆ ಬಂದವಳು ನಾನು. ಇಲ್ಲಿನ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ. ಹೊರಗೆಲ್ಲ ಮರಾಠಿ, ಆದರೆ ಜನ ಆಡಿದ ಮಾತು ನನ್ನ ನೆನಪಿನಲ್ಲಿ ಉಳಿಯುವುದು ಮನೆಯ ಕನ್ನಡದಲ್ಲೇ.

ಕಾಮಠಿ ದಾಟಿ ಮುಂದಿರುವ ಆ ಊರಿಗೆ ಈ ಬೇಸಿಗೆಯಲ್ಲಿ ಹೋದಾಗ ಯಾದಿಯಲ್ಲಿದ್ದದ್ದು ಸಾರ್ವಜನಿಕ ನೀರಿನ ಮೂಲಗಳು ಮಾತ್ರ: ಕೈಪಂಪುಗಳು, ನಳದ ಟಾಕಿ, ಶಾಲೆಯ ಬಾವಿ. ಪಂಪಿನ ಕೊಳವೆಯಲ್ಲಿ ನಿಂತ ನೀರು ಹೋಗುವ ತನಕ ಹೊಡೆಯಬೇಕು. ರಾಸಾಯನಿಕ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಬೇಕು. ರೋಗಾಣು ಪರೀಕ್ಷೆಯದನ್ನು ಗಲಬರಿಸುವ ಹಾಗಿಲ್ಲ, ಮುಚ್ಚಳದ ಒಳಮೈಗೆ ಬೆರಳು ತಾಗಿಸುವ ಹಾಗೂ ಇಲ್ಲ. ಜಾಗ, ಹೊತ್ತು ಬರೆದ ಚೀಟಿ ಅಂಟಿಸಿ, ಐಸಿನ ಪೆಟ್ಟಿಗೆಗೆ. ಒಂದು ಕೈಪಂಪು ಕೆಟ್ಟಿತ್ತು. ಹೀಗಾಗಿ ಒಂದು ಬಾಟಲಿ ಉಳಿಯಿತು.

ಬಿಸಿಲಿಗೆ ಸೋತು ಊರ ಕೊನೆಯ ಸಾಲಿನ ಒಂದು ಮನೆಯ ಕಟ್ಟೆಯ ಮೇಲೆ ಕೂತೆ. ಆ ಮನೆಯ ಆಜಿ ಚಹಾ ಕೊಟ್ಟಳು. ಅಂಗಳಕ್ಕೆ ನೀಲಿ ತಾಡಪಾಲು ಕಟ್ಟಿದ್ದರು. ಅದರ ಕೆಳಗೆ ತೊಟ್ಟಿಲಲ್ಲಿ ಎರಡು ತಿಂಗಳ ಕೂಸು. ಸೊಸೆಗೆ ಎದೆಹಾಲು ಸಾಲದೆ ಡಬ್ಬಿಯ ಪುಡಿಹಾಲು ಕಲಸಿ ಕೊಡುತ್ತಿದ್ದರು. ಕೂಸಿನ ತುಟಿ ನೇರಳೆಹಣ್ಣು ತಿಂದವರ ತುಟಿಯಂತೆ ಕಂಡಿತು. ತಾಡಪಾಲಿನ ಬಣ್ಣ ಬಿದ್ದಿದೆ ಅಂದುಕೊಂಡೆ. ಅದರಡಿ ನನ್ನ ಕೈಯೂ ನೀಲಿಯಾಗಿಯೇ ಇತ್ತಲ್ಲ.

"ನೀರು ಎಲ್ಲಿಂದ, ಆಜಿ?"

"ನಮ್ಮ ಬಾವೀದ. ನಳದ್ದು ದಿನ ಬಿಟ್ಟು ದಿನ ಬರ್ತೈತಿ, ಯಾರು ಕಾಯಬೇಕು? ಚಿಂತಿ ಮಾಡಬ್ಯಾಡ್ರಿ ಬಾಯಿ, ಕೂಸಿಂದು ಅರ್ಧಕ್ಕ ಇಳಿಯೋ ತನಕ ಕುದಸ್ತೀನಿ. ಹೋದ ವರ್ಷ ಶಾಲೆಯೊಳಗ ನೀವ ಹೇಳಿದ್ರಲ್ಲ! ಈ ಸೊಸಿ ಒಂದು ಕುದಿಗೆ ಇಳಸ್ತಾಳ, ನಾ ಬಿಡಾಂಗಿಲ್ಲ."

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಹೌದು, ಹೇಳಿದ್ದೆ. ಹೋದ ವರ್ಷ ರೋಗಾಣು ಪರೀಕ್ಷೆಯ ಸೀಸೆಗಳು ಕಪ್ಪಾಗಿದ್ದವು, ಅಂದರೆ ನೀರಿನಲ್ಲಿ ರೋಗಾಣು ಇದ್ದವು. ಊರ ಹೆಂಗಸರನ್ನೆಲ್ಲ ಕೂಡಿಸಿ, ಚೆನ್ನಾಗಿ ಕುದಿಸಿ ಕುಡಿಯಿರಿ ಎಂದಿದ್ದೆ.

ಬಾವಿ ಹಿತ್ತಲಲ್ಲಿತ್ತು. ಪಕ್ಕದಲ್ಲೇ ದನದ ಕೊಟ್ಟಿಗೆ, ತಿಪ್ಪೆ. ಉಳಿದಿದ್ದ ಬಾಟಲಿ ತುಂಬಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಯಾದಿಯ ಮೂಲಗಳೆಲ್ಲ ಹೆಚ್ಚುಕಡಿಮೆ ಮಿತಿಯೊಳಗೇ ಬಂದವು. ಕೊನೆಗೆ ಆ ಬಾಟಲಿ. ತಿಪ್ಪೆ, ಗಂಜಳದಿಂದ ನೀರಿಗಿಳಿಯುವ ನೈಟ್ರೇಟು ಮಿತಿ ಮೀರಿ ಎಷ್ಟೋ ಮೇಲಿತ್ತು. ತಪ್ಪಿರಬೇಕೆಂದು ಮತ್ತೊಮ್ಮೆ ಮಾಡಿದೆ. ಅಷ್ಟೇ ಬಂತು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟು ಹೋಗುವುದಿಲ್ಲ. ನೀರು ಅರ್ಧಕ್ಕೆ ಇಳಿದರೆ ಅದು ಇಮ್ಮಡಿಯಾಗುತ್ತದೆ. ಎಳೆಗೂಸಿನ ರಕ್ತ ಅದರಿಂದ ಪ್ರಾಣವಾಯು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ತುಟಿ ನೀಲಿಗಟ್ಟುತ್ತದೆ. ಇದೆಲ್ಲ ನಾನು ಓದಿ ಪಾಸಾದ ಪಾಠ. ತಾಡಪಾಲು ನೆನಪಾಯಿತು.

ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿದೆ. "ಊರ ಕಡೀ ಸಾಲಿನ ಆಜಿ ಮನೀ ಕೂಸನ್ನ ತಾಡಪಾಲಿನಿಂದ ಹೊರಗ ಬಿಸಿಲಿಗೆ ತಂದು ತುಟಿ ನೋಡ್ರಿ." ಫೋನಿನಲ್ಲಿ ಅವಳ ಚಪ್ಪಲಿಯ ಸದ್ದು, ನಾಯಿ ಬೊಗಳಿದ್ದು, ಆಮೇಲೆ ತೊಟ್ಟಿಲಿನ ಕಿರುಗುಟ್ಟು ಕೇಳಿತು.

"ಇಲ್ಲೂ ನೀಲೀನ ಐತಿ, ಮ್ಯಾಡಮ್."

"ಜಲ್ದಿ ದವಾಖಾನಿಗೆ ಕರಕೊಂಡು ನಡೀರಿ. ಬಾವಿ ನೀರು ಅಂತ ಡಾಕ್ಟರಿಗೆ ಹೇಳ್ರಿ."

ಕೂಸು ಉಳಿಯಿತು. ಪರೀಕ್ಷೆಗೆ ತೆಗೆದ ರಕ್ತ ಹುಣಸೆರಸದ ಬಣ್ಣಕ್ಕಿತ್ತು ಎಂದು, ದವಾಖಾನೆಗೆ ನೋಡಲು ಹೋದಾಗ ಸೊಸೆ ಹೇಳಿದಳು. ಆಜಿ ಮಾತ್ರ ನನ್ನ ಮುಖ ನೋಡಲಿಲ್ಲ.

ವರದಿ ಬರೆಯಲು ಕೂತಾಗ ಸಾಹೇಬರು ನನ್ನ ತಖ್ತೆಯ ಕೊನೆಯ ಸಾಲಿಗೆ ಗೀಟು ಎಳೆದರು. "ಖಾಸಗಿ ಬಾವಿ ಯಾದಿಯೊಳಗಿಲ್ಲ. ಫಲಿತಾಂಶದಾಗ ಹ್ಯಾಂಗ ಹಾಕೋದು? ಕಡೀ ಪುಟದಾಗ ಸಮೀಕ್ಷೆಯ ಮಿತಿಗಳು ಅಂತ ಐತಲ್ಲ, ಅಲ್ಲಿ ಬರೀರಿ."

"ಆ ಮನೀ ಸಾಲಿನಾಗ ಇನ್ನೂ ಬಾವಿ ಅದಾವ, ಸಾಹೇಬ್ರ."

"ಬರೋಬರ್. ಅದನ್ನೂ ಅಲ್ಲೇ ಬರೀರಿ."

ಬರೆದೆ. ಸಮೀಕ್ಷೆ ಸಾರ್ವಜನಿಕ ಮೂಲಗಳಿಗೆ ಸೀಮಿತ. ಖಾಸಗಿ ಬಾವಿಗಳಲ್ಲಿ ಒಂದನ್ನು ಮಾತ್ರ ನೋಡಲಾಗಿದೆ, ಅದರಲ್ಲಿ ನೈಟ್ರೇಟು ಮಿತಿ ಮೀರಿದೆ. ಮಳೆಗಾಲದ ನಂತರದ ಸ್ಥಿತಿ ತಿಳಿದಿಲ್ಲ. ಉಳಿದ ಬಾವಿಗಳನ್ನು ತುರ್ತಾಗಿ ಪರೀಕ್ಷಿಸಬೇಕು. ಓದುವವರು ಆ ಪುಟದ ತನಕ ಬರುತ್ತಾರೋ ಇಲ್ಲವೋ.

ಭಾನುವಾರ ಒಂದು ಚೀಲ ಬಾಟಲಿ ಹಿಡಿದು ನಾನೇ ಮತ್ತೆ ಹೋದೆ. ಸಾಲಿನ ಮೊದಲ ಮನೆಯ ಬಾಗಿಲಲ್ಲಿ ದಿನ ತುಂಬಿದ ಬಸುರಿಯೊಬ್ಬಳು ನಿಂತಿದ್ದಳು. ನನ್ನನ್ನು ಕಂಡದ್ದೇ ಮುಖ ಅರಳಿತು.

"ಬರ್ರಿ ಬಾಯಿ. ನೀವು ಹೇಳಿದಂಗ ನಾವೂ ಭಾಳ ಹೊತ್ತು ಕುದಸ್ತೀವಿ."

ಅವಳ ಬೆನ್ನ ಹಿಂದೆ ಒಲೆಯ ಮೇಲೆ ದೊಡ್ಡ ಪಾತ್ರೆ. ನೀರು ಆಗಲೇ ಅರ್ಧಕ್ಕೆ ಇಳಿದಿತ್ತು.